ನನ್ನ ಕೊಟೇಶನ್ನಿನಲ್ಲಿ ಬೇರೆಯವರ ಕರೆಂಟ್ ಬಿಲ್ಲು

ನಮ್ಮ ಮನೆಯ ತಾರಸಿಗೆ ಸೋಲಾರ್ ಹಾಕಿಸುವ ಅಂತ ಉಡುಪಿಯ ಒಂದು ಅಂಗಡಿಗೆ ಹೇಳಿದ್ದೆ. ಅವರ ಕಡೆಯ ಹುಡುಗ ಬ್ರಹ್ಮಾವರದ ತನಕ ಬಂದು ತಾರಸಿ ಅಳೆದು, ಮೆಸ್ಕಾಂ ಬಿಲ್ಲು ನೋಡಿ, 'ನಿಮಗೆ ಮೂರು ಕಿಲೋವ್ಯಾಟ್ ಸಾಕು ಸರ್' ಅಂದು ಹೋದ. ಶನಿವಾರ ಮಧ್ಯಾಹ್ನ ವಾಟ್ಸಾಪಿನಲ್ಲಿ ಕೊಟೇಶನ್ ಬಂತು. ಏಳು ಪುಟದ ಪಿಡಿಎಫ್.

ಮೊದಲ ಪುಟ ನನ್ನ ಹೆಸರಿಗೆ ಬರೆದ ಪತ್ರ. ಎರಡನೆಯದು ದರಪಟ್ಟಿ, ಅದೂ ನನ್ನದೇ. ಮೂರನೆಯದು 'ತಿಂಗಳಿಗೆ ಎಷ್ಟು ಉಳಿತಾಯ' ಎಂಬ ಲೆಕ್ಕದ ಹಾಳೆ. ಅಲ್ಲಿ ತಿಂಗಳಿಗೆ 600 ಯೂನಿಟ್ ಉತ್ಪಾದನೆ ಅಂತ ಇತ್ತು. ನಮ್ಮ ಕಡೆ ಒಂದು ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಅಂತ ಹಿಡಿದರೂ ಮೂರು ಕಿಲೋವ್ಯಾಟಿಗೆ 360 ದಾಟಲಿಕ್ಕಿಲ್ಲ. ಕೆಳಗೆ ನೋಡಿದರೆ ಸಬ್ಸಿಡಿ 78,000 ರೂಪಾಯಿ, ಅದು ಸರಿಯಾಗಿಯೇ ಇದೆ. ಪುಟ ತಿರುಗಿಸಿದೆ. ಕೋಟದ ಕಡೆಯ ಒಬ್ಬರ ಮೆಸ್ಕಾಂ ಬಿಲ್ಲು: ಹೆಸರು, ವಿಳಾಸ, ಆರ್‌ಆರ್ ನಂಬರ್, ಎಲ್ಲವೂ. ಅದರ ಮುಂದಿನ ಪುಟದಲ್ಲಿ ಅವರ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಕೊನೆಯ ಎರಡು ಪುಟ ಪ್ಯಾನೆಲ್ ಮತ್ತು ಇನ್ವರ್ಟರಿನ ವಿವರ, ಅವು ಎಲ್ಲರಿಗೂ ಒಂದೇ.

ಅಂದರೆ ಆ ಲೆಕ್ಕದ ಹಾಳೆಯೂ ಅವರದೇ, ಐದು ಕಿಲೋವ್ಯಾಟಿನದ್ದು. ಸಬ್ಸಿಡಿ ಯಾಕೆ ಸರಿಯಾಗಿ ಕಂಡಿತು ಎಂದರೆ, ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000. ಅದಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ. ಆ ಒಂದು ಸಾಲನ್ನು ಮಾತ್ರ ನೋಡಿ ಸಮಾಧಾನಪಟ್ಟವರು ಉಳಿದ ಲೆಕ್ಕವನ್ನೂ ತಮ್ಮದೆಂದೇ ನಂಬಿಬಿಡುತ್ತಾರೆ.

ನಾನು ಕಾಲೇಜೊಂದರ ಕಚೇರಿಯಲ್ಲಿ ಅಡ್ಮಿಷನ್ ಕಡತ ನೋಡುವವನು. ಪಿಡಿಎಫ್ ಜೋಡಿಸುವುದು ನಿತ್ಯದ ಕೆಲಸ. ಹಾಗಾಗಿ ಕೂಡಲೇ ಅಂಗಡಿಗೆ ಫೋನ್ ಮಾಡಿದೆ. ಕಂಪ್ಯೂಟರಿನಲ್ಲಿ ಕೂರುವ ಹುಡುಗಿ ಎತ್ತಿದಳು. ಹೇಳಿದ್ದೇ ತಡ, 'ಅಯ್ಯೋ ಸರ್, ಈಗಲೇ ಬೇರೆ ಕಳಿಸ್ತೇನೆ' ಅಂದಳು. ಹತ್ತು ನಿಮಿಷದಲ್ಲಿ ಎರಡನೇ ಪಿಡಿಎಫ್ ಬಂತು. ಬಿಲ್ಲು, ಪಾಸ್‌ಬುಕ್ಕು ಹೋಗಿದ್ದವು. ಲೆಕ್ಕದ ಹಾಳೆಯ ಮೇಲೆ ನನ್ನ ಹೆಸರು ಬಂದಿತ್ತು. ಆದರೆ 600 ಯೂನಿಟ್ ಅಲ್ಲೇ ಇತ್ತು!

ಹೆಸರಿನ ಜಾಗ ಉಳಿದ ಹಾಳೆಗಿಂತ ಸ್ವಲ್ಪ ಹೆಚ್ಚು ಬೆಳ್ಳಗೆ ಕಂಡಿತು. ಬೆರಳೊತ್ತಿ ಹಿಡಿದು ಆ ಸಾಲನ್ನು ಸೆಲೆಕ್ಟ್ ಮಾಡಿ ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದೆ. ನನ್ನ ಹೆಸರಿನ ಜೊತೆಗೆ ಕೋಟದವರ ಹೆಸರು, ಮೊಬೈಲ್ ನಂಬರ್ ಎರಡೂ ಬಂದವು. ಅವಳು ಬಿಳಿ ಚೌಕ ಇಟ್ಟು ಅದರ ಮೇಲೆ ನನ್ನ ಹೆಸರು ಟೈಪ್ ಮಾಡಿದ್ದಳು. ಪಿಡಿಎಫ್‌ನಲ್ಲಿ ಅದು ಬರೀ ಮುಚ್ಚಳ. ಕಣ್ಣಿಗೆ ಕಾಣದಿದ್ದರೂ ಅಡಿಯ ಅಕ್ಷರಗಳು ಕಡತದಲ್ಲಿ ಹಾಗೇ ಇರುತ್ತವೆ. ಕಾಗದದ ಮೇಲೆ ವೈಟ್ನರ್ ಹಚ್ಚಿದಂತೆ ಅಂತ ಅವಳು ಭಾವಿಸಿರಬೇಕು.

ಫೋನಿನಲ್ಲಿ ಮುಗಿಯುವ ಮಾತಲ್ಲ ಅನ್ನಿಸಿ ಸಂಜೆ ಅಂಗಡಿಗೇ ಹೋದೆ. ಹುಡುಗಿಯ ಮುಖ ಬಾಡಿತ್ತು. ಬೈಯಲಿಕ್ಕೆ ಬಂದವನಲ್ಲ, ಹೇಗಾಯಿತು ನೋಡುವ ಎಂದೆ. ಅವಳು ಡೌನ್‌ಲೋಡ್ಸ್ ಫೋಲ್ಡರ್ ತೆರೆದಳು. ಎಕ್ಸೆಲ್ಲಿನಿಂದ ಉಳಿಸಿದ ಲೆಕ್ಕದ ಹಾಳೆಗಳೆಲ್ಲ ಒಂದೇ ಹೆಸರಿನಲ್ಲಿ ಸಾಲಾಗಿದ್ದವು:

```
Saving.pdf
Saving (1).pdf
Saving (2).pdf
Scan_0007.pdf
Scan_0008.pdf
```

ಆ ದಿನ ಬೆಳಿಗ್ಗೆ ಅವಳು ನನ್ನದನ್ನೂ ಕೋಟದವರದನ್ನೂ ಒಟ್ಟಿಗೆ ಮಾಡಿದ್ದಳು. ಎದುರಿಗೆ ಗಿರಾಕಿಗಳು, ಬದಿಯಲ್ಲಿ ಫೋನು. ಜೋಡಿಸಲು ಬಳಸುತ್ತಿದ್ದದ್ದು ಇಂಟರ್ನೆಟ್ಟಿನ ಒಂದು ಪುಕ್ಕಟೆ ಸೈಟು. ಅದರಲ್ಲಿ ಹಾಳೆಗಳು ಬೆರಳಿನ ಉಗುರಷ್ಟು ಚಿಕ್ಕದಾಗಿ ಕಾಣುತ್ತವೆ. ಎಲ್ಲದಕ್ಕೂ ಒಂದೇ ಲೆಟರ್‌ಹೆಡ್, ಒಂದೇ ನೀಲಿ ಪಟ್ಟಿ. ಯಾರದು ಯಾವುದೆಂದು ಹೇಗೆ ತಿಳಿಯಬೇಕು? ಅವಳ ಅಜಾಗ್ರತೆಗಿಂತ ಆ ಹೆಸರುಗಳದ್ದೇ ತಪ್ಪು ದೊಡ್ಡದು ಅಂತ ಈಗಲೂ ನನ್ನ ಅಭಿಪ್ರಾಯ.

ನನಗೆ ಹೊಳೆದದ್ದು ಇನ್ನೊಂದು ವಿಷಯ. ಅವರ ಹಾಳೆ ನನ್ನಲ್ಲಿದ್ದರೆ ನನ್ನ ಹಾಳೆ ಎಲ್ಲಿ? 'ಅವರಿಗೆ ಕಳಿಸಿದ್ದನ್ನು ಒಮ್ಮೆ ತೆರೆ ಮಾರಾಯ್ತಿ' ಎಂದೆ. ತೆರೆದಳು. ಮೂರನೇ ಪುಟ ನನ್ನ ಲೆಕ್ಕದ ಹಾಳೆ, ನಾಲ್ಕನೆಯದು ನನ್ನ ಬಿಲ್ಲು. ಒಂದರ ಬದಲು ಒಂದು ಹೋದಾಗ ಯಾವಾಗಲೂ ಎರಡು ಕಡತ ಕೆಡುತ್ತವೆ. ದೂರು ಬಂದದ್ದನ್ನು ಮಾತ್ರ ಸರಿಮಾಡಿ ಕೂತರೆ ಇನ್ನೊಂದು ಹಾಗೇ ಉಳಿಯುತ್ತದೆ.

ಅಷ್ಟರಲ್ಲಿ ಧಣಿಗಳು ಬಂದರು. 'ಡಿಲೀಟ್ ಫಾರ್ ಎವ್ರಿವನ್ ಕೊಟ್ರೆ ಆಯ್ತಲ್ಲ ಮಾರಾಯ್ರೇ, ಅವರಿಗೆ ಹೇಳ್ಲಿಕ್ಕೆ ಎಂತಕ್ಕೆ' ಅಂದರು. ವಾಟ್ಸಾಪಿನಲ್ಲಿ ಸುಮಾರು ಎರಡು ದಿನದ ತನಕ ಹಾಗೆ ಅಳಿಸಬಹುದು, ನಿಜ. ಆದರೆ ಅವರು ತೆರೆದು ನೋಡಿಯಾಗಿತ್ತು, ನೀಲಿ ಗುರುತು ಬಿದ್ದಿತ್ತು. ಮಗನಿಗೋ ಬ್ಯಾಂಕಿಗೋ ಫಾರ್ವರ್ಡ್ ಮಾಡಿದ್ದರೆ ಆ ಪ್ರತಿ ನಮ್ಮ ಕೈಗೆ ಸಿಗುವುದಿಲ್ಲ. 'ಇವತ್ತು ರಾತ್ರಿ ಕರೆಂಟ್ ಕಟ್ ಮಾಡ್ತೇವೆ, ಈ ನಂಬರಿಗೆ ಫೋನ್ ಮಾಡಿ' ಅಂತ ಬರುವ ಮೋಸದ ಮೆಸೇಜು ಎಲ್ಲರಿಗೂ ಗೊತ್ತು. ಹೆಸರು, ಆರ್‌ಆರ್ ನಂಬರ್ ಸರಿಯಾಗಿ ಹೇಳಿ ಫೋನ್ ಮಾಡಿದರೆ ವಯಸ್ಸಾದವರು ನಂಬದೆ ಇರುತ್ತಾರಾ? ತಮ್ಮ ಕಾಗದ ಎಲ್ಲಿಗೆ ಹೋಗಿತ್ತೆಂದು ಗೊತ್ತಿದ್ದರೆ ಮಾತ್ರ ಅವರು ಎಚ್ಚರದಲ್ಲಿರಬಲ್ಲರು. ನಾನು ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಧಣಿಗಳು ಸುಮ್ಮನಾಗಿ, ನನ್ನ ಎದುರಿಗೇ ಕೋಟಕ್ಕೆ ಫೋನ್ ಹಚ್ಚಿದರು. ಆ ಕಡೆಯವರು ಹಾಳೆ ನೋಡಿದ್ದರಂತೆ. ಐದು ಕಿಲೋವ್ಯಾಟಿಗೆ ಇಷ್ಟೇ ಉತ್ಪಾದನೆಯಾ ಅಂತ ಬೇರೆ ಅಂಗಡಿಯಲ್ಲಿ ವಿಚಾರಿಸುವುದರಲ್ಲಿದ್ದರಂತೆ.

ಆಮೇಲೆ ಅಲ್ಲೇ ಕೂತು ಹೊಸ ಪಿಡಿಎಫ್ ಮಾಡಿದೆವು. ಹಳೆಯದಕ್ಕೆ ತೇಪೆ ಹಾಕದೆ, ಎಕ್ಸೆಲ್ಲಿನಲ್ಲಿ ನನ್ನ ಲೆಕ್ಕದಿಂದಲೇ ಮತ್ತೆ ತೆಗೆದೆವು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಫೋಲ್ಡರ್, ಪ್ರತಿ ಕಡತದ ಹೆಸರು ಕೊಟೇಶನ್ ನಂಬರಿನಿಂದಲೇ ಶುರು. ಆ ಫೋಲ್ಡರಿನ ಹೊರಗಿನಿಂದ ಒಂದು ಹಾಳೆಯನ್ನೂ ಸೇರಿಸುವಂತಿಲ್ಲ. ಜೋಡಿಸಲಿಕ್ಕೆ PDFsam Basic ಹಾಕಿಕೊಟ್ಟೆ. ಅದು ಪುಕ್ಕಟೆ, ಅಂಗಡಿಯ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಕಾಗದ ಹೊರಗೆ ಹೋಗುವುದಿಲ್ಲ.

ಜೋಡಿಸಿಯಾದ ಕಡತವನ್ನೇ ತೆರೆದು ನೋಡಬೇಕು ಅಂತಲೂ ಹೇಳಿದೆ. ಅವಳು Ctrl+F ಒತ್ತಿ ಕೊಟೇಶನ್ ನಂಬರ್ ಹುಡುಕಿದಳು. ಪತ್ರ, ದರಪಟ್ಟಿ, ಲೆಕ್ಕದ ಹಾಳೆ ಮೂರರಲ್ಲೂ ಸಿಕ್ಕಿತು. 'ಬಿಲ್ಲಿನಲ್ಲಿ ಹೆಸರು ಹುಡುಕಿದ್ರೆ ಸಿಕ್ಕುವುದೇ ಇಲ್ಲ ಸರ್' ಅಂದಳು. ಸ್ಕ್ಯಾನ್ ಮಾಡಿದ ಹಾಳೆ ಚಿತ್ರವಲ್ಲವಾ, ಅದರೊಳಗೆ ಅಕ್ಷರ ಇರುವುದಿಲ್ಲ. ಅದನ್ನು ದೊಡ್ಡದು ಮಾಡಿ ಕಣ್ಣಿನಿಂದಲೇ ಓದಬೇಕು. ನಮ್ಮನ್ನು ಸಿಕ್ಕಿಸಿದ್ದೂ ಅಂಥ ಹಾಳೆಗಳೇ ಜಾಸ್ತಿ.

ಮೂರನೇ ಪಿಡಿಎಫ್‌ನಲ್ಲಿ 360 ಯೂನಿಟ್ ಇತ್ತು. ಮೊದಲೆರಡನ್ನು ಅವಳ ಎದುರಿಗೇ ನನ್ನ ಚಾಟಿನಿಂದ ತೆಗೆದೆ, ಫೋನಿನ ಡಾಕ್ಯುಮೆಂಟ್ ಫೋಲ್ಡರಿನಿಂದಲೂ ತೆಗೆದೆ. ಕೋಟದವರೂ ಹಾಗೇ ಮಾಡಿದ್ದಾರೆಂದು ಧಣಿಗಳು ಸೋಮವಾರ ತಿಳಿಸಿದರು. ಆ ಪುಕ್ಕಟೆ ಸೈಟಿಗೆ ಅವಳು ಇಷ್ಟು ದಿನ ಏರಿಸಿದ ಬಿಲ್ಲು, ಪಾಸ್‌ಬುಕ್ಕುಗಳನ್ನು ಕೆಲವು ಗಂಟೆಗಳಲ್ಲಿ ಅಳಿಸುತ್ತೇವೆಂದು ಆ ಸೈಟಿನವರು ಬರೆದುಕೊಂಡಿದ್ದಾರೆ. ಅಳಿಸಿದ್ದಾರೋ ಇಲ್ಲವೋ ಎಂದು ಉಡುಪಿಯಲ್ಲಿ ಕೂತ ನಮಗೆ ನೋಡಲಿಕ್ಕೆ ದಾರಿಯಿಲ್ಲ. ಆ ಗಿರಾಕಿಗಳಿಗೆಲ್ಲ ಏನು ಹೇಳುವುದೆಂದು ಧಣಿಗಳು ಇನ್ನೂ ಯೋಚಿಸುತ್ತಿದ್ದಾರೆ.