ಹಸಿ ಬಿಳಿಯ ಮೇಲೆ ಜರಿಗಿಡ: ಹನ್ನೆರಡು ತುಂಡುಗಳಲ್ಲಿ ಒಂಬತ್ತು ಮುಗಿದಾಗಿನ ದಾಖಲೆ

ಫಲಕ ಚಿಕ್ಕದು, 20 × 25 ಸೆಂ.ಮೀ. ಹಳೆಯ ಇಟ್ಟಿಗೆ ಗೋಡೆಯ ಬುಡ, ಅದರ ಮೇಲೆ ಹಾವಸೆ, ಸಂದಿನಿಂದ ಹೊರಟ ಒಂದು ಜರಿಗಿಡ. ಇಷ್ಟೇ ವಸ್ತು. ಪ್ರಿ-ರಾಫೆಲೈಟ್ ಬಳಗದ ಚಿತ್ರಕಾರ ವಿಲಿಯಂ ಹೋಲ್ಮನ್ ಹಂಟ್ 1905ರ ತನ್ನ ನೆನಪಿನ ಪುಸ್ತಕದಲ್ಲಿ ವಿವರಿಸಿರುವ, ಇನ್ನೂ ಒಣಗದ ಬಿಳಿಯ ಮೇಲೆ ತೆಳುವಾಗಿ ಬಣ್ಣ ಇಡುವ ಹಸಿ ಬಿಳಿ ತಳದ ವಿಧಾನ ಇಂದಿನ ಬಣ್ಣಗಳಲ್ಲಿ ಎಷ್ಟರಮಟ್ಟಿಗೆ ನಡೆಯುತ್ತದೆ ಎಂದು ನೋಡುವುದೇ ಉದ್ದೇಶ.

ಆ ವಿಧಾನ ಯಾವುದಕ್ಕೆ ಎದುರಾಗಿ ಹುಟ್ಟಿತು ಎಂದು ತಿಳಿಯದೆ ಅದರ ಹಂತಗಳಿಗೆ ಅರ್ಥ ಬರುವುದಿಲ್ಲ. ಲಂಡನ್ನಿನ ರಾಯಲ್ ಅಕಾಡೆಮಿ ಶಾಲೆಯಲ್ಲಿ ವಿದ್ಯಾರ್ಥಿ ಮೊದಲು ಪ್ಲಾಸ್ಟರ್ ಪ್ರತಿಮೆಗಳನ್ನು ನೋಡಿ ಬರೆದು ಕೈ ಪಳಗಿಸಿಕೊಳ್ಳಬೇಕಿತ್ತು, ಜೀವಂತ ಮಾದರಿ ಆಮೇಲೆ. ಅಕಾಡೆಮಿಯ ಮೊದಲ ಅಧ್ಯಕ್ಷ ಜೋಶುವಾ ರೆನಾಲ್ಡ್ಸ್‌ನ ಉಪನ್ಯಾಸಗಳ ಪ್ರಕಾರ ಬಿಡಿಬಿಡಿ ವಿವರಗಳನ್ನು ಮೀರಿ ಸಾಮಾನ್ಯ ರೂಪಕ್ಕೆ ಏರುವುದೇ ಉನ್ನತ ಶೈಲಿ. ರೂಢಿಯ ಚಿತ್ರ ಕಂದು ತಳದಿಂದ ಶುರುವಾಗುತ್ತಿತ್ತು; ನೆರಳು ಕಂದು, ಅಂಚುಗಳು ಕತ್ತಲಲ್ಲಿ ಕರಗಿದವು, ಬೆಳಕು ಮುಖ್ಯ ವ್ಯಕ್ತಿಯ ಮೇಲೆ ಮಾತ್ರ. ಹಲವರು ಬಳಸುತ್ತಿದ್ದ ಬಿಟುಮೆನ್ ಎಂಬ ಡಾಂಬರಿನಂಥ ಕಂದು ಬಣ್ಣ ಎಂದೂ ಪೂರ್ತಿ ಒಣಗದೆ, ವರ್ಷಗಳು ಕಳೆದಂತೆ ಸುಕ್ಕುಗಟ್ಟಿ ಬಿರುಕು ಬಿಡುತ್ತಿತ್ತು. ಹೀಗೆ ಎಳೆದು ಬಳಿದ ಕೆಲಸಕ್ಕೆಲ್ಲ 1848ರಲ್ಲಿ ಗವರ್ ಸ್ಟ್ರೀಟಿನಲ್ಲಿ ಚಿತ್ರಕಾರ ಮಿಲೇ ಮನೆಯಲ್ಲಿ ಕೂಡಿ ಪ್ರಿ-ರಾಫೆಲೈಟ್ ಬಳಗ ಕಟ್ಟಿದ ಹಂಟ್ ಮತ್ತಿತರ ಹುಡುಗರು 'ಸ್ಲಾಶ್' ಎಂದು ಹೆಸರಿಟ್ಟರು, ರೆನಾಲ್ಡ್ಸ್‌ನನ್ನು 'ಸರ್ ಸ್ಲಾಶುವಾ' ಎಂದು ಕರೆದರು.

ಇಟಲಿಯ ಚಿತ್ರಕಾರ ರಾಫೆಲ್‌ಗಿಂತ ಹಿಂದಕ್ಕೆ ಹೋಗುತ್ತೇವೆ ಎಂದವರ ಕೈಯಲ್ಲಿದ್ದದ್ದು ಅಲ್ಲಿನದೇ ಪೀಸಾದ ಕ್ಯಾಂಪೊ ಸಾಂಟೊ ಸ್ಮಶಾನದ ಭಿತ್ತಿಚಿತ್ರಗಳ ಮುದ್ರಣಗಳು, ಲಾಸಿನಿಯೊ ಕೆತ್ತಿದವು. ಕೆತ್ತನೆಯಲ್ಲಿ ಬಣ್ಣ ಇರುವುದಿಲ್ಲ. ಅದರಿಂದ ಸಿಕ್ಕಿದ್ದು ರೇಖೆ, ಸಾಲಾಗಿ ನಿಂತ ಆಕೃತಿ, ಪಿರಮಿಡ್ ಆಕಾರಕ್ಕೆ ಕಟ್ಟುಬೀಳದ ಜೋಡಣೆ. ಬೆಳಕಿನ ಪಾಠಕ್ಕೆ ಬೇರೆ ಆಕರ ಬೇಕಿತ್ತು, ಅದು ಅಕಾಡೆಮಿಯ ಕಟ್ಟಡದಲ್ಲೇ ಇತ್ತು: ಅಕಾಡೆಮಿ ಆಗ ಟ್ರಫಾಲ್ಗರ್ ಚೌಕದಲ್ಲಿ ನ್ಯಾಷನಲ್ ಗ್ಯಾಲರಿಯ ಜೊತೆಗೇ ಇತ್ತು, ಗ್ಯಾಲರಿ 1842ರಲ್ಲಿ ಫ್ಲಾಂಡರ್ಸಿನ ಚಿತ್ರಕಾರ ವಾನ್ ಐಕ್‌ನ ಆರ್ನೊಲ್ಫಿನಿ ದಂಪತಿಯ ಚಿತ್ರವನ್ನು ಕೊಂಡಿತ್ತು. 1434ರ ಆ ಫಲಕದಲ್ಲಿ ಬಿಳಿ ತಳದ ಮೇಲೆ ಪಾರದರ್ಶಕ ತೈಲವರ್ಣದ ತೆಳು ಪದರಗಳಿವೆ. ಬೆಳಕು ಬಣ್ಣದೊಳಗೆ ಇಳಿದು, ಬಿಳಿಗೆ ತಾಗಿ, ಮತ್ತೆ ಬಣ್ಣದ ಮೂಲಕವೇ ಕಣ್ಣಿಗೆ ಬರುತ್ತದೆ. ಹೆಸರು ಇಟಲಿಯದು, ಬೆಳಕು ಫ್ಲಾಂಡರ್ಸಿನದು ಎಂದೇ ನಮ್ಮ ಎಣಿಕೆ.

1ರಿಂದ 4ನೇ ವಾರ: ಗಟ್ಟಿ ತಳ

ಹಂಟ್ ಹೇಳುವ ಮೊದಲ ಶರತ್ತು, ಕೆಳಗಿನ ಬಿಳಿ ಕಲ್ಲಿನಂತೆ ಗಟ್ಟಿಯಾಗಿರಬೇಕು. 6 ಮಿ.ಮೀ. ಎಂಡಿಎಫ್ ಹಲಗೆಗೆ ಅಕ್ರಿಲಿಕ್ ಗೆಸ್ಸೊ ಎಂಬ ಬಿಳಿ ತಳಲೇಪ ನಾಲ್ಕು ಕೈ, ಪ್ರತಿ ಕೈಯ ನಂತರ ನುಣುಪು ಮರಳುಕಾಗದದ ಉಜ್ಜು. ಇಲ್ಲಿಗೇ ನಿಲ್ಲಿಸಬಾರದು. ಗೆಸ್ಸೊ ಎಣ್ಣೆ ಹೀರುತ್ತದೆ. ಅದರ ಮೇಲೆ ಹಸಿ ಬಿಳಿ ಹರಡಿದರೆ ಅರ್ಧ ಗಂಟೆಯಲ್ಲೇ ಸತ್ತಂತಾಗಿ ಬ್ರಷ್ ಎಳೆಯುತ್ತದೆ. ಆದ್ದರಿಂದ ಮೇಲೆ ಟೈಟಾನಿಯಂ ಬಿಳಿ ತೈಲವರ್ಣಕ್ಕೆ ಬೇಗ ಒಣಗಿಸುವ ಆಲ್ಕಿಡ್ ಮೀಡಿಯಂ ತುಸು ಸೇರಿಸಿ ಒಂದು ತೆಳು ಕೈ, ಆಮೇಲೆ ಮೂರು ವಾರ ಬಿಡುವು. ಉಗುರು ಒತ್ತಿದರೆ ಗುರುತು ಬೀಳಬಾರದು. ಬಿದ್ದರೆ ಮುಂದೆ ಪ್ಯಾಲೆಟ್ ನೈಫ್ ಅದನ್ನೇ ಎಬ್ಬಿಸುತ್ತದೆ.

ಹಂಟ್ ಕಾಲದ ಸೀಸದ ಬಿಳಿ ವಿಷ, ಅದನ್ನು ಮನೆಯಲ್ಲಿ ಬಳಸುವುದಿಲ್ಲ. ಝಿಂಕ್ ಬಿಳಿ ಒಣಗಿದ ಮೇಲೆ ಪೆಡಸಾಗಿ ಬಿರುಕು ಬಿಡುವ ಜಾತಿ, ತಳಕ್ಕೆ ಬೇಡ. ಉಳಿದದ್ದು ಟೈಟಾನಿಯಂ. ಅದರ ತೊಂದರೆ ಮುಂದೆ ಬರುತ್ತದೆ.

ರೇಖೆ 4ಎಚ್ ಪೆನ್ಸಿಲ್‌ನಲ್ಲಿ. ಮೊದಲು ತುಣುಕು ಹಲಗೆಯ ಮೇಲೆ 2ಬಿ ಬಳಸಿ ನೋಡಿದಾಗ ಗ್ರಾಫೈಟ್ ಹಸಿ ಬಿಳಿಯಲ್ಲಿ ಎದ್ದು, ಎಲೆಯಂಚಿನ ಸುತ್ತ ಬೂದಿ ಬಣ್ಣದ ಕೊಳೆ ಕೂತಿತು. ಗಟ್ಟಿ ಪೆನ್ಸಿಲ್, ಒಂದೇ ಗೆರೆ, ತಿದ್ದುವುದಿದ್ದರೆ ಕಾಗದದ ಮೇಲೆ. ಇಲ್ಲಿ ರೇಖೆ ಬರೀ ಅಂದಾಜಿನದಲ್ಲ: ಬಿಳಿ ಹರಡಿದ ಮೇಲೆ ಎಲೆಯ ಜಾಗ ಬದಲಿಸಲು ದಾರಿ ಇಲ್ಲ.

5ನೇ ವಾರ: ದಿನದ ತುಂಡುಗಳು

ಚಿತ್ರವನ್ನು ಹನ್ನೆರಡು ತುಂಡು ಮಾಡಲಾಯಿತು, ಒಂದು ದಿನಕ್ಕೆ ಒಂದು, ಸರಾಸರಿ 40 ಚದರ ಸೆಂ.ಮೀ.ಗೆ ತುಸು ಹೆಚ್ಚು. ಭಿತ್ತಿಚಿತ್ರಕಾರ ಆ ದಿನ ಬರೆಯುವಷ್ಟಕ್ಕೆ ಮಾತ್ರ ಹಸಿ ಗಾರೆ ಬಳಿಯುತ್ತಿದ್ದ. ಹಂಟ್ ಹೇಳುವುದೂ ಆ ದಿನದ ಭಾಗಕ್ಕೆ ಮಾತ್ರ ಬಿಳಿ ಹರಡಲು. ಒಣ ಪದರದ ಮೇಲೆ ಒಣ ಪದರ ಏರಿಸಿದ ವಾನ್ ಐಕ್‌ಗಿಂತ ಈ ಕೆಲಸದ ಲಯ ಗೋಡೆಯ ಚಿತ್ರಕ್ಕೆ ಹತ್ತಿರ. ತುಂಡಿನ ಗಡಿ ಯಾವಾಗಲೂ ವಸ್ತುವಿನ ಅಂಚಿನಲ್ಲೇ ಹೋಗಬೇಕು: ಇಟ್ಟಿಗೆಯ ಸಂದು, ಕಡ್ಡಿಯ ಬದಿ. ಎರಡನೆಯ ತುಂಡಿನ ಗಡಿಯನ್ನು ಹಾವಸೆಯ ನಡುವೆ ಎಳೆದದ್ದು ತಪ್ಪಾಯಿತು. ಮರುದಿನದ ಬಿಳಿಯ ದಪ್ಪ ಅಲ್ಲಿ ಸಣ್ಣ ದಿಣ್ಣೆಯಾಗಿ ನಿಂತಿದೆ, ಓರೆ ಬೆಳಕಿನಲ್ಲಿ ಈಗಲೂ ಕಾಣುತ್ತದೆ.

ಹಸಿ ಬಿಳಿಯ ಪಾಕ

ದ್ರಾಕ್ಷಿ ಗಾತ್ರದ ಬಿಳಿಯನ್ನು ಬ್ಲಾಟಿಂಗ್ ಪೇಪರಿನ ಮೇಲೆ ಸುಮಾರು 3 ಮಿ.ಮೀ. ದಪ್ಪಕ್ಕೆ ಹರಡಿ ಎರಡು ಗಂಟೆ ಬಿಡಬೇಕು. ಸುತ್ತ ಎಣ್ಣೆಯ ಉಂಗುರ ಮೂಡುತ್ತದೆ. ರಾತ್ರಿಯಿಡೀ ಬಿಟ್ಟರೆ ಬಿಳಿ ಪುಡಿಪುಡಿಯಾಗಿ ನೈಫಿನ ಕೆಳಗೆ ಕಿತ್ತುಬರುತ್ತದೆ. ಅವಸರಕ್ಕೆ ಅರ್ಧ ಗಂಟೆಗೇ ತೆಗೆದರೆ ಎಣ್ಣೆ ಉಳಿದು ಮೇಲಿನ ಬಣ್ಣ ಜಾರುತ್ತದೆ. ತೆಗೆದ ಬಿಳಿಗೆ ವಾರ್ನಿಶ್ ಒಂದು ಹನಿ. ಹಂಟ್ ಹೇಳುವುದು ಅಂಬರ್ ಅಥವಾ ಕೋಪಲ್. ನಾವು ಆಲ್ಕಿಡ್ ಮೀಡಿಯಂ ಹಾಕಿದೆವು. ಮಳೆಗಾಲದ ಬೆಳಗಿನಲ್ಲಿ ಇದು ನಾಲ್ಕು ತಾಸು ಕೆಲಸಕ್ಕೆ ಬರುವ ಹದದಲ್ಲಿರುತ್ತದೆ, ಆಮೇಲೆ ಅಂಟುಹಿಡಿಯುತ್ತದೆ.

ನೈಫಿನಲ್ಲಿ ಹರಡಿ, ಒಣ ಚಪ್ಪಟೆ ಬ್ರಷ್ಷಿನಿಂದ ನೇರವಾಗಿ ತಟ್ಟಿ ನೈಫಿನ ಗೆರೆ ಅಳಿಸಬೇಕು. ಕೆಳಗಿನ ಪೆನ್ಸಿಲ್ ಗೆರೆ ತೆಳು ಕಾಗದದ ಅಡಿಯಲ್ಲಿದ್ದಂತೆ ಮಸುಕಾಗಿ ಕಂಡರೆ ದಪ್ಪ ಸರಿ.

6ನೇ ವಾರ: ತುಂಡು 1ರಿಂದ 3, ಹಸಿರು ಸುಣ್ಣವಾಯಿತು

ಮೊದಲ ಮೂರು ತುಂಡುಗಳಲ್ಲಿ ಎಲೆಗಳು ಪುದೀನ ಮಿಠಾಯಿಯ ಬಣ್ಣಕ್ಕೆ ತಿರುಗಿದವು. ಕಾರಣ ಎರಡು, ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಬಹುದು. ಬ್ರಷ್ಷಿನ ತುದಿ ಬಿಳಿಯಾಗಿ ಮರಳಿದರೆ, ಗೆರೆಯ ಎರಡೂ ಬದಿಗೆ ಬಿಳಿ ಏರಿ ನಿಂತಿದ್ದರೆ ಕೈ ಭಾರ. ಕೈ ಹಗುರವಾಗಿದ್ದೂ ಬಣ್ಣ ಬಿಳುಚಿದರೆ ದೋಷ ಬಿಳಿಯದೇ. ಟೈಟಾನಿಯಂನ ಬಿಳುಪಿಸುವ ಶಕ್ತಿ ಸೀಸದ ಬಿಳಿಗಿಂತ ಬಹಳ ಹೆಚ್ಚು. ಕೂದಲೆಳೆಯಷ್ಟು ಮೇಲೆದ್ದರೂ ಪಾರದರ್ಶಕ ಬಣ್ಣವನ್ನು ನುಂಗುತ್ತದೆ. ಪರಿಹಾರವಾಗಿ ಎರಡು ಪಾಲು ಬಿಳಿಗೆ ಒಂದು ಪಾಲು ನುಣುಪು ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಕಲಸಿದೆವು. ಎಣ್ಣೆಯಲ್ಲಿ ಈ ಪುಡಿ ಅರೆಪಾರದರ್ಶಕವಾಗುತ್ತದೆ, ಬಿಳಿಯ ಹಟ ತಗ್ಗುತ್ತದೆ. ಪುಡಿಯೂ ಎಣ್ಣೆ ಕುಡಿಯುವುದರಿಂದ ಬ್ಲಾಟಿಂಗ್ ಪೇಪರಿನ ಸಮಯ ಒಂದು ತಾಸಿಗೆ ಇಳಿಸಬೇಕಾಯಿತು.

ಮೇಲಿನಿಂದ ಮತ್ತೊಂದು ಕೈ ಬಳಿದು ಸರಿಮಾಡುವ ಆಸೆ ಬೇಡ. ಹೀಗೆ ತಿದ್ದಿದರೆ ಹೊಳಪು ಪೂರ್ತಿ ಹೋಗುತ್ತದೆ ಎಂದು ಹಂಟ್ ಸ್ಪಷ್ಟವಾಗಿ ಬರೆದಿದ್ದಾನೆ, ಒಂದನೆಯ ತುಂಡಿನ ಮೂಲೆಯಲ್ಲಿ ಅದು ನಿಜವೆಂದು ಕಂಡಿತು. ಹಸಿ ಇರುವಾಗಲೇ ನೈಫಿನಿಂದ ಗಟ್ಟಿ ತಳದವರೆಗೆ ಕೆರೆದು, ಬಟ್ಟೆಯಿಂದ ಒರೆಸಿ, ಹೊಸ ಬಿಳಿ ಹರಡುವುದೊಂದೇ ದಾರಿ. ತಳ ಕಲ್ಲಾಗಿರಬೇಕು ಎಂಬ ಮಾತಿನ ಅರ್ಥ ಆಗ ತಿಳಿಯುತ್ತದೆ.

7 ಮತ್ತು 8ನೇ ವಾರ: ತುಂಡು 4ರಿಂದ 9, ಒಂದೇ ಎಲೆಯ ಮೂರು ಹಸಿರು

ಇಲ್ಲಿಂದ ಕೆಲಸ ನಿಜವಾಗಿ ಗೋಡೆಯ ಎದುರು ನಡೆಯಿತು, ದಿನವೂ ಬೆಳಿಗ್ಗೆ 8ರಿಂದ 10ರವರೆಗೆ. ಅದರಾಚೆಗೆ ನೆರಳು ಒಂದು ಇಟ್ಟಿಗೆ ಸರಿಯುತ್ತದೆ. ಉಳಿದ ಸಮಯದಲ್ಲಿ ನೆರಳಿಗೆ ಸಂಬಂಧವಿಲ್ಲದ ಇಟ್ಟಿಗೆಯ ಕಲೆಗಳು ಮಾತ್ರ.

ಯಾವುದನ್ನೂ ತಳ್ಳದೆ, ಆರಿಸದೆ, ತಾತ್ಸಾರ ಮಾಡದೆ ಪ್ರಕೃತಿಯ ಬಳಿ ಹೋಗು ಎಂದು ಕಲಾವಿಮರ್ಶಕ ರಸ್ಕಿನ್ 1843ರಲ್ಲಿ ಬರೆದದ್ದು ಕೇಳಲು ಉಪದೇಶ, ಮಾಡಲು ಹೋದರೆ ಬಣ್ಣದ ಲೆಕ್ಕ. ಜರಿಯ ಒಂದೇ ಗರಿಯಲ್ಲಿ ಮೂರು ಹಸಿರಿವೆ. ಆಕಾಶಕ್ಕೆ ಮುಖಮಾಡಿದ ಕಿರುಎಲೆ ಹಸಿರೇ ಅಲ್ಲ, ನೀಲಿಬೂದು. ಅದರ ನುಣುಪು ಮೈ ಆಕಾಶವನ್ನು ಪ್ರತಿಫಲಿಸುತ್ತದೆ. ಹಿಂದಿನಿಂದ ಬಿಸಿಲು ಬಿದ್ದದ್ದು ಎಲೆಯೊಳಗಿಂದ ಹಾದುಬಂದ ಹಳದಿಹಸಿರು, ಗರಿಯಲ್ಲೆಲ್ಲ ಅತ್ಯಂತ ತೀಕ್ಷ್ಣ. ಪಕ್ಕದ ಎಲೆಯ ನೆರಳಲ್ಲಿರುವುದು ತಣ್ಣನೆಯ ಗಾಢ ಹಸಿರು, ಕಂದಿನ ಸುಳಿವೂ ಇಲ್ಲ. ಕಂದು ತಳದಿಂದ ಶುರುಮಾಡಿದವನಿಗೆ ಈ ಮೂರನೆಯದು ಎಂದೂ ಸಿಗಲಾರದು.

ಹಸಿ ಬಿಳಿ ಮೂರಕ್ಕೂ ಒಂದೇ ಬಗೆಯಲ್ಲಿ ಒದಗುವುದಿಲ್ಲ. ಹಳದಿಹಸಿರಿಗೆ ಪಾರದರ್ಶಕ ಹಳದಿಯಲ್ಲಿ ಪ್ರಶ್ಯನ್ ನೀಲಿಯ ಸೋಂಕು, ಸೇಬಲ್ 2ನೇ ನಂಬರ್ ಬ್ರಷ್ಷಿನಲ್ಲಿ ಒಂದೇ ಸ್ಪರ್ಶ. ಬೆಳಕಿನ ಕೆಲಸ ಬಿಳಿಯೇ ಮಾಡುತ್ತದೆ. ನೀಲಿಬೂದಿಗೆ ಕೋಬಾಲ್ಟ್ ನೀಲಿಯ ಉಸಿರು ತಾಗಿಸಿ, ಬಿಳಿಯನ್ನು ಬೇಕೆಂದೇ ತುಸು ಎಬ್ಬಿಸಬೇಕು. ಗಾಢ ನೆರಳಿಗೆ ಹಸಿ ಬಿಳಿಯೇ ಬೇಡ. ನಾಲ್ಕನೆಯ ತುಂಡಿನಲ್ಲಿ ಎಲ್ಲೆಡೆ ಹರಡಿ ಇಟ್ಟಿಗೆ ಸಂದಿನ ಕತ್ತಲು ಬೂದಿಯಾಯಿತು. ಐದರಿಂದ ಆ ಸಂದುಗಳನ್ನು ಬಿಟ್ಟು ಬಿಳಿ ಹರಡಿ, ಒಣ ತಳದ ಮೇಲೆ ನೇರ ಬಣ್ಣ ಕೂಡಿಸಿದೆವು. ಹೊಳಪು ಬೇಕಾದ ಭಾಗಗಳಿಗೆ ಬ್ರಷ್ಷಿನಲ್ಲೇ ಬಿಳಿ ಇಡಬಹುದು ಎಂದು ಹಂಟ್ ಹೇಳುವುದನ್ನು ಮೊದಲೇ ಲಕ್ಷ್ಯಕ್ಕೆ ತಂದುಕೊಂಡಿದ್ದರೆ ಒಂದು ತುಂಡು ಉಳಿಯುತ್ತಿತ್ತು.

ಎರಡು ವಾರದಲ್ಲಿ ಒಂದು ಗರಿ ಸುರುಳಿ ಬಿಚ್ಚಿ 3 ಸೆಂ.ಮೀ. ಬೆಳೆಯಿತು. ಅದನ್ನು ಮೊದಲ ದಿನದ ರೇಖೆಯಂತೆಯೇ ಸುರುಳಿಯಾಗಿ ಇಟ್ಟಿದ್ದೇವೆ. ಮಿಲೇ 'ಒಫೀಲಿಯಾ'ದ ದಡವನ್ನು 1851ರ ಜುಲೈಯಿಂದ ನವೆಂಬರ್‌ವರೆಗೆ ಯೂವೆಲ್ ಬಳಿಯ ಹಾಗ್ಸ್‌ಮಿಲ್ ಹೊಳೆಯ ಪಕ್ಕ ಕೂತು ಬರೆದ. ಒಟ್ಟಿಗೆ ಅರಳದ ಹೂಗಳು ಆ ಚಿತ್ರದಲ್ಲಿ ಒಟ್ಟಿಗೆ ಇರಲು ಇದೂ ಕಾರಣ. ಪ್ರತಿ ಗಿಡದ ಮಟ್ಟಿಗೆ ಚಿತ್ರ ನಿಜ, ಇಡೀ ದಡವಾಗಿ ಅಂಥ ಒಂದು ದಿನ ಎಂದೂ ಇರಲಿಲ್ಲ.

ಇದರ ಬೆಲೆಯೂ ಕಾಣತೊಡಗಿದೆ. ಒಂದೊಂದು ತುಂಡನ್ನೂ ಅದೇ ಹತ್ತಿರದಿಂದ, ಅದೇ ಗಮನದಿಂದ ನೋಡಿದ್ದರಿಂದ ಹಿಂದಿನ ಇಟ್ಟಿಗೆಯೂ ಮುಂದಿನ ಗರಿಯೂ ಸಮ ಚೂಪು; ಆಳ ಕಡಿಮೆಯಾಗಿ ಗೋಡೆ ನೇಯ್ದ ಪರದೆಯಂತೆ ಮುಂದೆ ಬಂದಿದೆ. ಅಕಾಡೆಮಿಯ ದೃಷ್ಟಿಗೆ ಇದು ದೋಷ. ಹಿಂದಿನದನ್ನು ಮಸುಕು ಮಾಡಿ ಸರಿಪಡಿಸುವುದು ಸುಲಭವಿತ್ತು, ಮಾಡಲಿಲ್ಲ. ಮಧ್ಯಯುಗದ ಚಿತ್ರಗಳ ಚಪ್ಪಟೆತನಕ್ಕೂ ಈ ಹತ್ತಿರದ ನೋಟಕ್ಕೂ ಇರುವ ನಂಟು ಇಲ್ಲೇ ಇದೆ, ಅದನ್ನು ಅಳಿಸಿದರೆ ಪ್ರಯೋಗಕ್ಕೇ ಅರ್ಥವಿಲ್ಲ.

ಉಳಿದದ್ದು ಮೂರು ತುಂಡು, ಎಲ್ಲವೂ ಬಲಗಡೆಯ ಹಾವಸೆ. ಹಾವಸೆಯಲ್ಲಿ ಗಡಿ ಎಳೆಯಲು ಅಂಚೇ ಸಿಗದ್ದರಿಂದ ಮೂರನ್ನೂ ಕೂಡಿಸಿ ಎರಡು ದೊಡ್ಡ ತುಂಡು ಮಾಡಿ, ಗಡಿಯನ್ನು ಬಿರುಕಿನ ಗುಂಟ ಒಯ್ಯುವ ಯೋಚನೆ ಇದೆ. ಅಷ್ಟು ಜಾಗಕ್ಕೆ ನಾಲ್ಕು ತಾಸು ಸಾಲದು, ಹಾಗಾಗಿ ಆಲ್ಕಿಡ್ ಹನಿಯನ್ನು ಅರ್ಧಕ್ಕೆ ಇಳಿಸಿ ಮೊದಲು ತುಣುಕು ಹಲಗೆಯ ಮೇಲೆ ನೋಡಬೇಕು.