ಮೂರನೇ ಪುಟ ಹಿಡಿಯಬೇಕಾ, ಒಂಬತ್ತನೇ ಪುಟ ಹಿಡಿಯಬೇಕಾ?

ಬೆಂಗಳೂರು
ಮಂಗಳವಾರ, 10 ಜೂನ್ 2025

ನಮ್ಮದು ಮನೆ ಮನೆಗೆ ಹಾಲು, ತರಕಾರಿ ತಲುಪಿಸುವ ಆ್ಯಪ್. ಗ್ರಾಹಕರಿಗೆ ಮೆಸೇಜ್ ಹೇಗೆ ಬರೀಬೇಕು ಅಂತ ಹೇಳುವ ಗೈಡ್ ಸರಿ ಮಾಡೋದೇ ಇವತ್ತಿನ ಕೆಲಸ. ಮೂರನೇ ಪುಟದಲ್ಲಿ "ಪಕ್ಕದ ಮನೆಯವರ ಜೊತೆ ಮಾತಾಡಿದ ಹಾಗೆ ಬರೆಯಿರಿ, ಅರ್ಜಿಯ ಭಾಷೆ ಬೇಡ" ಅಂತಿದೆ. ಒಂಬತ್ತನೇ ಪುಟದಲ್ಲಿ "ಏನೇ ಕೇಳಿದರೂ ದಯವಿಟ್ಟು ಸೇರಿಸಿ" ಅಂತಿದೆ. "ಮೇಡಂ, ಯಾವುದನ್ನ ಹಿಡಿಯಲಿ?" ಅಂತ ಸಪೋರ್ಟ್ ಟೀಮಿನ ಹುಡುಗಿ ಕೇಳಿದ್ದು ನ್ಯಾಯವಾಗಿಯೇ ಇತ್ತು.

ನಿಯಮಕ್ಕಿಂತ ಹೆಚ್ಚಾಗಿ ದಾರಿ ತಪ್ಪಿಸ್ತಿದ್ದದ್ದು ಉದಾಹರಣೆಗಳು. ಪೇಮೆಂಟ್ ಫೇಲ್ ಆದಾಗಿನದ್ದು ನೋಡಿ:

ಮೊದಲು: "ತಮ್ಮ ಪಾವತಿಯು ವಿಫಲವಾಗಿದ್ದು, ಕಡಿತಗೊಂಡ ಮೊತ್ತವನ್ನು ಹಿಂದಿರುಗಿಸಲಾಗುವುದು. ದಯವಿಟ್ಟು ಮರುಪ್ರಯತ್ನಿಸಿ."

ನಂತರ: "ಅಯ್ಯೋ! ಪೇಮೆಂಟ್ ಆಗ್ಲಿಲ್ಲ. ಚಿಂತೆ ಬೇಡ, ಮತ್ತೆ ಟ್ರೈ ಮಾಡಿ!"

ಮಾತು ಹಗುರವಾಯಿತು, ನಿಜ. ಆದರೆ ದುಡ್ಡು ವಾಪಸ್ ಬರುವ ವಿಷಯವೇ ಮಾಯ! ಗ್ರಾಹಕರಿಗೆ ಬೇಕಾಗಿದ್ದದ್ದು ಅದೊಂದೇ ಅಲ್ವಾ? ಇದನ್ನು ನೋಡಿ ಕಲಿಯುವವರು, ಸಲುಗೆಯಿಂದ ಬರೆಯೋದು ಅಂದ್ರೆ ವಿಷಯ ಬಿಟ್ಟುಬಿಡೋದು ಅಂದುಕೊಳ್ತಾರೆ. ಹಾಗಾಗಿ ಎಲ್ಲ ಜೋಡಿಗಳಿಗೂ ಒಂದೇ ಕಟ್ಟು ಹಾಕಿದೆ: "ಮೊದಲು"ನಲ್ಲಿರುವ ಪ್ರತಿಯೊಂದು ವಿಷಯವೂ "ನಂತರ"ದಲ್ಲಿ ಇರಬೇಕು, ಬದಲಾಗುವುದು ಮಾತಿನ ರೀತಿ ಮಾತ್ರ. ಹೊಸದು ಹೀಗಾಯಿತು: "ನಿಮ್ಮ ಪೇಮೆಂಟ್ ಆಗಿಲ್ಲ. ಕಡಿತವಾದ ಹಣ ವಾಪಸ್ ಹಾಕುತ್ತೇವೆ. ಇನ್ನೊಮ್ಮೆ ಪೇಮೆಂಟ್ ಮಾಡಿ."

ಉಳಿದದ್ದು "ದಯವಿಟ್ಟು" ಜಗಳ. "ಮಾಡಿ" ಅನ್ನುವುದರಲ್ಲೇ ಮರ್ಯಾದೆ ಇದೆ, ಹಾಗಾಗಿ ಸುಮ್ನೆ ಎಲ್ಲ ಕಡೆ ಬೇಕಿಲ್ಲ. "ನಮ್ಮ ತಪ್ಪಿಗೆ ಗ್ರಾಹಕರು ಏನಾದರೂ ಮಾಡಬೇಕಾದಾಗ ಮಾತ್ರ ಹಾಕಿ" ಅಂತ ಬರೆದೆ.

ಮಧ್ಯಾಹ್ನ ಇಬ್ಬರಿಗೆ ಬೇರೆ ಬೇರೆಯಾಗಿ ಕೊಟ್ಟು, ಗೈಡ್‌ನಲ್ಲಿ ಇಲ್ಲದ ಒಂದು ಮೆಸೇಜ್ ಬರೆಸಿದೆ: ಮಳೆಯಿಂದ ಡೆಲಿವರಿ ತಡ. ಒಬ್ಬಳು "ದಯವಿಟ್ಟು ಸ್ವಲ್ಪ ಕಾಯಿರಿ" ಅಂತ ಬರೆದಳು. ಇನ್ನೊಬ್ಬ "ಸ್ವಲ್ಪ ಕಾಯಿರಿ" ಅಂತ ಬರೆದು, "ಮಳೆ ಬಂದ್ರೆ ನಮ್ಮ ತಪ್ಪಾ ಮೇಡಂ?" ಅಂತ ಕೇಳಿದ. ಒಳ್ಳೇ ಪ್ರಶ್ನೆ. ಇಬ್ಬರು ಓದಿ ಎರಡು ಥರ ಬರೆದರೆ ನಿಯಮದಲ್ಲೇ ಸಂದು ಇದೆ ಅಂತ ಅರ್ಥ. "ತಪ್ಪು" ತೆಗೆದು, "ಗ್ರಾಹಕರ ಕೈಯಲ್ಲಿಲ್ಲದ ತೊಂದರೆಗೆ ಅವರು ಕಾಯಬೇಕಾದರೆ ಅಥವಾ ಮತ್ತೆ ಏನಾದರೂ ಮಾಡಬೇಕಾದರೆ" ಅಂತ ತಿದ್ದಿದೆ. ಅವರೇ ವಿಳಾಸ ಬದಲಿಸಲು ಬಂದಾಗ "ಹೊಸ ವಿಳಾಸ ಹಾಕಿ" ಸಾಕು.

ನಿಯಮ ಬದಲಾದ ಮೇಲೆ ಉದಾಹರಣೆಗಳನ್ನೆಲ್ಲ ಮತ್ತೆ ಓದಲೇಬೇಕಾಯಿತು. ಹಿಂದೆ ಯಾರೂ ಹಾಗೆ ಓದದೇ ಇದ್ದದ್ದರಿಂದಲೇ ಮೂರನೇ ಪುಟಕ್ಕೂ ಒಂಬತ್ತನೇ ಪುಟಕ್ಕೂ ತಾಳೆ ತಪ್ಪಿದ್ದು. ಬೆಳಗ್ಗೆಯ ಪೇಮೆಂಟ್ ಉದಾಹರಣೆಯೂ ಹೊಸ ನಿಯಮದೊಳಗೆ ಬರುತ್ತೆ. ಅದಕ್ಕೆ ಕೊನೇ ಸಾಲು "ದಯವಿಟ್ಟು ಇನ್ನೊಮ್ಮೆ ಪೇಮೆಂಟ್ ಮಾಡಿ" ಅಂತ ಮಾಡಿದೆ. ನಾಳೆ ಆ ಇಬ್ಬರಿಗೂ ಒಡೆದ ಹಾಲಿನ ಪ್ಯಾಕೆಟ್ ದೂರಿಗೆ ಉತ್ತರ ಬರೆಸಿ ನೋಡಬೇಕು.