ಮಹೇಶನ ಒಪ್ಪಿಗೆ ಎಷ್ಟು ಗಂಟೆಗೆ ಪೂರ್ಣವಾಯಿತು?

ಕಲಬುರಗಿಯ ಒಂದು ಲಾ ಕಾಲೇಜಿನಲ್ಲಿ ನಾನು ಕಾಂಟ್ರಾಕ್ಟ್ ಆಕ್ಟ್ ಪಾಠ ಮಾಡುತ್ತೇನೆ. ಇಂಟರ್ನಲ್ ಟೆಸ್ಟ್ ಬಂತೆಂದರೆ ಒಬ್ಬರು ಬರೆದ ಪ್ರಶ್ನೆಗಳನ್ನು ಇನ್ನೊಬ್ಬರು ನೋಡಿಕೊಡುವುದು ನಮ್ಮಲ್ಲಿ ರೂಢಿ. ಈ ಸಲ ನನ್ನ ಮೇಜಿಗೆ ಬಂದದ್ದು ಹೊಸದಾಗಿ ಸೇರಿದ ಮೇಡಂ ಒಬ್ಬರು ಬರೆದ ಹಾಳೆ. ಬಹಳ ಶ್ರದ್ಧೆಯಿಂದ ಬರೆದಿದ್ದರು. ಹೆಚ್ಚಿನ ಪ್ರಶ್ನೆಗಳಿಗೆ ಸುಮ್ನೆ ಟಿಕ್ ಹಾಕಿದೆ. ಒಂದು ಪ್ರಶ್ನೆ ಮಾತ್ರ ಮಧ್ಯಾಹ್ನ ಪೂರ್ತಿ ನಮ್ಮಿಬ್ಬರನ್ನೂ ಕೂರಿಸಿತು.

ಪ್ರಶ್ನೆ ಹೀಗಿತ್ತು. ಕಲಬುರಗಿಯ ಶರಣಪ್ಪ ನೂರು ಚೀಲ ತೊಗರಿ ಮಾರುತ್ತೇನೆ ಎಂದು ದರ ಹಾಕಿ ಯಾದಗಿರಿಯ ಮಹೇಶನಿಗೆ ವಾಟ್ಸಾಪ್ ಮಾಡುತ್ತಾನೆ. ಮಹೇಶ ಬೆಳಿಗ್ಗೆ 10ಕ್ಕೆ ‘ಒಪ್ಪಿಗೆ’ ಎಂದು ಉತ್ತರ ಕಳಿಸುತ್ತಾನೆ. 10.20ಕ್ಕೆ ಶರಣಪ್ಪ ‘ಮಾರುವುದಿಲ್ಲ’ ಎಂದು ಕಳಿಸುತ್ತಾನೆ. ಮಹೇಶನ ಉತ್ತರವನ್ನು ಅವನು ಓದಿದ್ದು 11ಕ್ಕೆ. ಒಪ್ಪಿಗೆ ಯಾವಾಗ ಪೂರ್ಣವಾಯಿತು? ಆಯ್ಕೆಗಳು ನಾಲ್ಕು: 10ಕ್ಕೆ, 10.20ಕ್ಕೆ, 11ಕ್ಕೆ, ಆಗಲೇ ಇಲ್ಲ.

ಇಂಥ ಪ್ರಶ್ನೆ ನೋಡುವಾಗ ನಾನು ಕೀ ಉತ್ತರವನ್ನು ಮುಚ್ಚಿಡುತ್ತೇನೆ. ಉತ್ತರ ಮೊದಲೇ ಗೊತ್ತಾದರೆ ಮನಸ್ಸು ಅದಕ್ಕೇ ಕಾರಣ ಹುಡುಕುತ್ತದೆ. ಆಮೇಲೆ ಒಂದೊಂದು ಆಯ್ಕೆಗೂ ವಕೀಲನಾಗಿ ನಿಲ್ಲುತ್ತೇನೆ. ಅದರ ಪರವಾಗಿ ಒಂದೇ ವಾಕ್ಯ ಬರೆಯಬೇಕು. ಆ ವಾಕ್ಯದಲ್ಲಿ ಒಂದು ಸೆಕ್ಷನ್ ಅಥವಾ ಒಂದು ತೀರ್ಪು ಇರಲೇಬೇಕು. ‘ಹಾಗಾದರೆ ಪಾಪ ಅನ್ಯಾಯ ಅಲ್ವಾ’ ಎಂಬ ವಾದ ಲೆಕ್ಕಕ್ಕಿಲ್ಲ. ಎರಡು ಆಯ್ಕೆಗೆ ಅಂಥ ವಾಕ್ಯ ಬರೆಯಲು ಬಂದರೆ ಆ ಪ್ರಶ್ನೆ ಟೆಸ್ಟಿಗೆ ಹೋಗಬಾರದು.

ಇಲ್ಲಿ ಎರಡು ಸಲೀಸಾಗಿ ಬಂದವು. 1872ರ ಕಾಂಟ್ರಾಕ್ಟ್ ಆಕ್ಟ್‌ನ ಸೆಕ್ಷನ್ 4 ಒಪ್ಪಿಗೆಗೆ ಒಂದೇ ಸಮಯ ಕೊಡುವುದಿಲ್ಲ, ಎರಡು ಕೊಡುತ್ತದೆ. ಒಪ್ಪಿಗೆಯನ್ನು ವಾಪಸ್ ಹಿಡಿಯಲಾಗದಂತೆ ಕಳಿಸಿದ ಕ್ಷಣಕ್ಕೆ ಆಫರ್ ಕೊಟ್ಟವನು ಕಟ್ಟುಬೀಳುತ್ತಾನೆ. ಒಪ್ಪಿದವನು ಕಟ್ಟುಬೀಳುವುದು ಆ ಒಪ್ಪಿಗೆ ಆಫರ್ ಕೊಟ್ಟವನ ಅರಿವಿಗೆ ಬಂದಾಗ. ಅಂದರೆ ಶರಣಪ್ಪನ ಮಟ್ಟಿಗೆ 10, ಮಹೇಶನ ಮಟ್ಟಿಗೆ 11. ಪ್ರಶ್ನೆಯಲ್ಲಿ ಯಾರ ಮಟ್ಟಿಗೆ ಎಂಬುದೇ ಇಲ್ಲ. ಕೀ ತೆಗೆದು ನೋಡಿದೆ. 10 ಎಂದಿತ್ತು.

"ಸರ್, ಕಳಿಸಿದ ಕೂಡಲೇ ಪೂರ್ತಿ ಅಂತ ಕ್ಲಾಸ್‌ನಾಗ ಎಲ್ಲಾರೂ ಹೇಳ್ತೀವಲ್ರಿ?" ಎಂದರು ಮೇಡಂ.

"ಹೇಳ್ತೀವ್ರಿ ಮೇಡಂ. ಆದ್ರ ಸೆಕ್ಷನ್ ಪೂರ್ತಿ ಓದಿದ ಹುಡುಗ 11ಕ್ಕೆ ಟಿಕ್ ಹಾಕಿ ಬಂದು ನಿಂತ್ರ ಅವಗ ಏನು ಹೇಳೋದ್ರಿ?"

ನನಗೆ ಸಂಕಟವಾಗುವುದು ಇಲ್ಲೇ. ಇಂಥ ಪ್ರಶ್ನೆಯಲ್ಲಿ ಪೆಟ್ಟು ತಿನ್ನುವುದು ಓದದವನಲ್ಲ. ಅವನು ಗೈಡ್‌ನ ಒಂದು ಸಾಲು ನೆನಪಿಟ್ಟು 10 ಎಂದು ಹಾಕಿ ಮುಂದೆ ಹೋಗುತ್ತಾನೆ. ಸೆಕ್ಷನ್ನಿನ ಎರಡೂ ಭಾಗ ಓದಿದ ಹುಡುಗಿ ತಡೆಯುತ್ತಾಳೆ, ಒದ್ದಾಡುತ್ತಾಳೆ, ಹೊತ್ತು ಕಳೆಯುತ್ತಾಳೆ. ಕೊನೆಗೆ 11 ಹಾಕಿದರೆ ಅವಳಿಗೆ ಸೊನ್ನೆ. ಚೆನ್ನಾಗಿ ಓದುವವರು ಒಂದು ಪ್ರಶ್ನೆಯಲ್ಲಿ ಹಿಂದೆ ಬಿದ್ದು, ಉಳಿದವರು ಗೆದ್ದರೆ ಕೀಯನ್ನೇ ಅನುಮಾನಿಸಬೇಕು. ಆದರೆ ಅದು ಗೊತ್ತಾಗುವುದು ಟೆಸ್ಟ್ ಮುಗಿದು ಉತ್ತರಗಳನ್ನು ಹರಡಿಕೊಂಡು ಕೂತಾಗ. ಅಷ್ಟೊತ್ತಿಗೆ ಮಕ್ಕಳ ಅಂಕ ಹೋಗಿರುತ್ತದೆ.

ಮೇಡಂ ಕೂಡಲೇ ‘ಶರಣಪ್ಪನ ಮಟ್ಟಿಗೆ’ ಎಂದು ಸೇರಿಸಿದರು. ಅಷ್ಟಕ್ಕೆ ಮುಗಿಯುತ್ತದೆ ಅಂದುಕೊಂಡಿದ್ದರು. ಇನ್ನೊಂದು ತೊಡಕು ಉಳಿದಿತ್ತು, ಅದು ವಾಟ್ಸಾಪ್.

ಕಳಿಸಿದ ಕೂಡಲೇ ಎಂಬುದು ಅಂಚೆಯ ನಿಯಮ. ಫೋನಿಗೆ ಅದು ಹೊಂದುವುದಿಲ್ಲ. ಭಗವಾನದಾಸ್ ಕೇಡಿಯಾ ಪ್ರಕರಣದಲ್ಲಿ ಅಹಮದಾಬಾದಿನವರು ಆಫರ್ ಕೊಟ್ಟಿದ್ದರು, ಖಾಮಗಾಂವದವರು ಫೋನಿನಲ್ಲಿ ಒಪ್ಪಿದ್ದರು. ಒಪ್ಪಿಗೆ ಕೇಳಿಸಿದ ಜಾಗದಲ್ಲಿ, ಅಂದರೆ ಅಹಮದಾಬಾದಿನಲ್ಲಿ, ಕರಾರು ಆಯಿತು ಎಂದು ಸುಪ್ರೀಂ ಕೋರ್ಟಿನ ಬಹುಮತ ಹೇಳಿತು. ಪೀಠದಲ್ಲಿದ್ದ ನ್ಯಾಯಮೂರ್ತಿ ಹಿದಾಯತುಲ್ಲಾ ಒಪ್ಪಲಿಲ್ಲ, ಸೆಕ್ಷನ್ 4ರ ಮಾತನ್ನೇ ಹಿಡಿದರು. ಈಗ ವಾಟ್ಸಾಪ್ ಅಂಚೆಯೋ ಫೋನೋ? ಬೆರಳು ಒತ್ತಿದ ಕ್ಷಣ ಹೋಗುತ್ತದೆ, ಆದ್ದರಿಂದ ಫೋನಿನ ಹಾಗೆ. ಆದರೆ ಆ ಕಡೆಯವನು ಯಾವಾಗಲೋ ಓದುತ್ತಾನೆ, ಆದ್ದರಿಂದ ಪತ್ರದ ಹಾಗೆ. 2000ದ ಐಟಿ ಆಕ್ಟ್‌ನ ಸೆಕ್ಷನ್ 13 ಸಂದೇಶ ಯಾವಾಗ ಹೊರಟಿತು, ಯಾವಾಗ ತಲುಪಿತು ಎಂದು ಹೇಳುತ್ತದೆ. ಒಪ್ಪಿಗೆ ಪೂರ್ಣವಾಗಲು ಹೊರಟರೆ ಸಾಕೋ, ತಲುಪಬೇಕೋ ಎಂದು ಹೇಳುವುದಿಲ್ಲ. ಇಮೇಲ್‌ನಲ್ಲಿ ಬಂದ ಒಪ್ಪಿಗೆ ತಲುಪಿದ ಕಡೆ ಕರಾರು ಎಂದು 2005ರಲ್ಲಿ ಅಲಹಾಬಾದ್ ಹೈಕೋರ್ಟ್ ಹೇಳಿದೆ. ಅದು ಮತ್ತೊಂದು ರಾಜ್ಯದ ಹೈಕೋರ್ಟಿನ ಮಾತು. ನಮ್ಮಲ್ಲಿ ಅದನ್ನು ತೋರಿಸಿ ವಾದ ಮಾಡಬಹುದು, ಆದರೆ ಅದೇ ಅಂತಿಮ ಎನ್ನುವ ಹಾಗಿಲ್ಲ.

ಅದೂ ಅಲ್ಲದೆ ಮಹೇಶನ ಸಂದೇಶ ಶರಣಪ್ಪನ ಫೋನಿಗೆ ಎಷ್ಟೊತ್ತಿಗೆ ಬಂತು ಎಂದು ಪ್ರಶ್ನೆಯಲ್ಲಿ ಇಲ್ಲವೇ ಇಲ್ಲ. ಫೋನ್ ಬಂದ್ ಆಗಿತ್ತೇ? ನೆಟ್ ಇರಲಿಲ್ಲವೇ? ತಲುಪಬೇಕು ಎನ್ನುವವನಿಗೆ ಉತ್ತರಿಸಲು ಬೇಕಾದ ಒಂದೇ ಒಂದು ಸಂಗತಿ ಬಿಟ್ಟುಹೋಗಿತ್ತು.

ತೊಗರಿಯ ಬಗ್ಗೆಯೂ ಕೇಳಿದೆ. ನಮ್ಮ ಕ್ಲಾಸಿನಲ್ಲಿ ನೆಹರು ಗಂಜ್‌ನ ವ್ಯಾಪಾರಸ್ಥರ ಮನೆಯ ಹುಡುಗರಿದ್ದಾರೆ. ಮಾಲಿನ ಸ್ಯಾಂಪಲ್ ನೋಡದೆ ನೂರು ಚೀಲದ ಮಾತು ಆಯಿತೆಂದರೆ ಅವರು ಒಪ್ಪುವುದಿಲ್ಲ. ಅಂಥವನಿಗೆ ‘ಆಗಲೇ ಇಲ್ಲ’ ಎಂಬ ನಾಲ್ಕನೇ ಆಯ್ಕೆ ಸರಿ ಅನ್ನಿಸಬಹುದು. ಬೀದರಿನ ಹಾಸ್ಟೆಲ್ ಹುಡುಗಿಗೆ ಆ ತೊಡಕೇ ಇಲ್ಲ. ನಾವು ಅಳೆಯಬೇಕಾದದ್ದು ಸೆಕ್ಷನ್ 4 ಮತ್ತು 5 ತಿಳಿದಿದೆಯೇ ಎಂದು ಮಾತ್ರ. ತೊಗರಿ ತೆಗೆದು ಒಂದು ಹಳೆಯ ಹೊಲಿಗೆ ಯಂತ್ರ ಹಾಕಿದೆವು. ಒಂದೇ ವಸ್ತು, ಮಹೇಶ ಅದನ್ನು ಮೊದಲೇ ನೋಡಿದ್ದಾನೆ.

ಮತ್ತೆ ಬರೆದ ಪ್ರಶ್ನೆ ಹೀಗಾಯಿತು. ಶರಣಪ್ಪ ತನ್ನ ಹೊಲಿಗೆ ಯಂತ್ರ ಮಾರುವುದಾಗಿ ಅಂಚೆಯಲ್ಲಿ ಪತ್ರ ಬರೆದು, ಅಂಚೆಯಲ್ಲೇ ಉತ್ತರ ಕಳಿಸಲು ಹೇಳುತ್ತಾನೆ. ಮಹೇಶ ಸೋಮವಾರ ಬೆಳಿಗ್ಗೆ ಸರಿಯಾದ ವಿಳಾಸ ಬರೆದು, ಅಂಚೆಚೀಟಿ ಹಚ್ಚಿ ಒಪ್ಪಿಗೆ ಪತ್ರ ಹಾಕುತ್ತಾನೆ. ಅದೇ ದಿನ ಸಂಜೆ ಶರಣಪ್ಪ ಆಫರ್ ವಾಪಸ್ ಪಡೆಯುವ ಪತ್ರ ಹಾಕುತ್ತಾನೆ. ಶರಣಪ್ಪನ ಪತ್ರ ಮಹೇಶನಿಗೆ ಬುಧವಾರ ಸಿಗುತ್ತದೆ, ಮಹೇಶನ ಪತ್ರ ಶರಣಪ್ಪನಿಗೆ ಗುರುವಾರ. ಶರಣಪ್ಪ ಆಫರ್ ವಾಪಸ್ ಪಡೆದದ್ದು ನಡೆಯುತ್ತದೆಯೇ?

‘ಯಾವಾಗ ಪೂರ್ಣ’ ಎಂಬುದನ್ನು ಬಿಟ್ಟು ‘ವಾಪಸ್ ನಡೆಯುತ್ತದೆಯೇ’ ಎಂದು ಕೇಳಿದ್ದರಿಂದ ಯಾರ ಮಟ್ಟಿಗೆ ಎಂಬ ಗೊಂದಲ ತಾನಾಗಿಯೇ ಹೋಯಿತು. ಸೆಕ್ಷನ್ 5ರ ಕೆಳಗೆ ಆಕ್ಟ್‌ನಲ್ಲೇ ಒಂದು ಉದಾಹರಣೆ ಇದೆ. ಒಪ್ಪಿದವನು ಪತ್ರ ಅಂಚೆಗೆ ಹಾಕುವ ತನಕ, ಹಾಕುವ ಕ್ಷಣದ ತನಕ, ಆಫರ್ ವಾಪಸ್ ಪಡೆಯಬಹುದು, ಆಮೇಲೆ ಇಲ್ಲ. ಆದ್ದರಿಂದ ಉತ್ತರ ಒಂದೇ: ನಡೆಯುವುದಿಲ್ಲ, ಬೆಳಿಗ್ಗೆಯೇ ಮಹೇಶ ಪತ್ರ ಹಾಕಿಯಾಗಿದೆ. ತಪ್ಪು ಆಯ್ಕೆಗಳಿಗೂ ಕೆಲಸ ಕೊಟ್ಟೆವು. ಒಂದು, ಒಪ್ಪಿಗೆ ಇನ್ನೂ ಕೈಗೆ ಬಂದಿಲ್ಲ, ಆದ್ದರಿಂದ ನಡೆಯುತ್ತದೆ. ಎರಡು, ವಾಪಸ್ ಪತ್ರವೇ ಮೊದಲು ತಲುಪಿತು, ಆದ್ದರಿಂದ ನಡೆಯುತ್ತದೆ. ಮೂರು, ಒಮ್ಮೆ ಕೊಟ್ಟ ಆಫರ್ ಎಂದೂ ವಾಪಸ್ ಪಡೆಯಲಾಗದು, ಆದ್ದರಿಂದ ನಡೆಯುವುದಿಲ್ಲ. ಮೂರೂ ಕ್ಲಾಸಿನಲ್ಲಿ ಮಕ್ಕಳ ಬಾಯಲ್ಲಿ ನಾವು ಕೇಳಿದ ತಪ್ಪುಗಳು. ಸರಿ ಉತ್ತರವನ್ನು ಮೇಡಂ ಸೆಕ್ಷನ್ ಸಮೇತ ಉದ್ದವಾಗಿ ಬರೆದಿದ್ದರು. ಉದ್ದ ನೋಡಿಯೇ ಹಿಡಿಯುವ ಹುಡುಗರಿದ್ದಾರೆ, ಹಾಗಾಗಿ ನಾಲ್ಕನ್ನೂ ಒಂದೇ ಅಳತೆಗೆ ತಂದೆವು.

ಇನ್ನು ಬಿ ಸೆಟ್. ಪಕ್ಕಪಕ್ಕ ಕೂರುವವರಿಗೆ ಬೇರೆ ಬೇರೆ ಸೆಟ್ ಕೊಡುತ್ತೇವೆ. ಬಿ ಸೆಟ್‌ಗೆ ಮೇಡಂ ಇದೇ ಕಥೆಯನ್ನು ತಿರುವಿ ಬರೆದಿದ್ದರು. ಮಹೇಶ ಸೋಮವಾರ ಒಪ್ಪಿಗೆ ಪತ್ರ ಹಾಕಿ, ಅದು ತಲುಪುವ ಮೊದಲೇ ಬುಧವಾರ ಫೋನ್ ಮಾಡಿ ‘ನನಗೆ ಬೇಡ’ ಎನ್ನುತ್ತಾನೆ. ಒಪ್ಪಿಗೆ ವಾಪಸ್ ನಡೆಯುತ್ತದೆಯೇ? ನಡೆಯುತ್ತದೆ, ಅದೂ ಸೆಕ್ಷನ್ 5ರಲ್ಲೇ ಇದೆ. ಅದೇ ಜನ, ಅದೇ ದಿನಗಳು, ಅದೇ ಸೆಕ್ಷನ್. ನೋಡಲು ಎರಡೂ ಸಮ.

ನಮ್ಮಲ್ಲಿ ಐದು ವರ್ಷದ ಕೋರ್ಸಿಗೆ ರಾಜ್ಯಶಾಸ್ತ್ರ ಹೇಳುವ ಮೇಡಂ ಇದ್ದಾರೆ. ಕಾಂಟ್ರಾಕ್ಟ್ ಆಕ್ಟ್ ಅವರು ಓದಿಲ್ಲ. ಎರಡನ್ನೂ ಅವರ ಮುಂದೆ ಇಟ್ಟು, ಉತ್ತರದ ಜೊತೆ ಕಾರಣವನ್ನೂ ಹೇಳಿರಿ ಎಂದೆ. ಬಿ ಸೆಟ್‌ನದು ಸರಿ ಬಂತು, ಎ ಸೆಟ್‌ನದು ತಪ್ಪಾಯಿತು. ಎರಡಕ್ಕೂ ಅವರು ಕೊಟ್ಟ ಕಾರಣ ಒಂದೇ: "ಪತ್ರ ಇನ್ನಾ ಮುಟ್ಟೇ ಇಲ್ಲಲ್ರಿ, ವಾಪಸ್ ತಗೋಬಹುದು."

ನೋಡಿ, ಎ ಸೆಟ್‌ನಲ್ಲಿ ಸಾಮಾನ್ಯ ಬುದ್ಧಿ ತಪ್ಪು ಉತ್ತರಕ್ಕೆ ಕರೆದೊಯ್ಯುತ್ತದೆ. ಬಿ ಸೆಟ್‌ನಲ್ಲಿ ಅದೇ ಬುದ್ಧಿ ಸರಿ ಉತ್ತರಕ್ಕೆ ತಲುಪಿಸುತ್ತದೆ. ಏನೂ ಓದದೆ ಬಂದವನಿಗೂ ಬಿ ಸೆಟ್ ಸಿಕ್ಕರೆ ಅಂಕ ಸಿಗುತ್ತದೆ. ಎ ಸೆಟ್ ಸಿಕ್ಕವನು ಓದಿರಲೇಬೇಕು. ಕಥೆ ಎಷ್ಟು ಸಾಲು, ಎಷ್ಟು ಹೆಸರು ಎಂದು ಹೊರಗಿನಿಂದ ತೂಗಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಎರಡೂ ಸೆಟ್‌ಗೆ ಶರಣಪ್ಪನ ಪ್ರಶ್ನೆಯನ್ನೇ ಹಾಕಿದೆವು. ಬಿ ಸೆಟ್‌ನಲ್ಲಿ ಹೆಸರು, ವಾರ, ವಸ್ತು ಮತ್ತು ಆಯ್ಕೆಗಳ ಸಾಲು ಮಾತ್ರ ಬದಲು.

ವಾಟ್ಸಾಪ್ ಪ್ರಶ್ನೆ ಕೈಬಿಡಲು ಮೇಡಂಗೆ ಮನಸ್ಸಿರಲಿಲ್ಲ. ನನಗೂ ಇರಲಿಲ್ಲ. ಒಂದು ಟಿಕ್ಕಿನಲ್ಲಿ ಮುಗಿಸಬಾರದು ಅಷ್ಟೇ, ವಾದ ಮಾಡಲು ಅದಕ್ಕಿಂತ ಒಳ್ಳೆಯ ಪ್ರಶ್ನೆ ಎಲ್ಲಿ ಸಿಗುತ್ತದೆ? ಅದನ್ನು 10 ಅಂಕದ ಪ್ರಶ್ನೆಗಳಿಗೆ ಸೇರಿಸಿದೆವು. ಸಂದೇಶ 10.05ಕ್ಕೆ ಶರಣಪ್ಪನ ಫೋನಿಗೆ ಬಂದಿತ್ತು ಎಂಬ ಸಾಲು ಹಾಕಿದೆವು. ಮೌಲ್ಯಮಾಪನದ ಹಾಳೆಯಲ್ಲಿ ಮೇಡಂ ಅಂಕ ಹಂಚಿ ಬರೆದರು: ಸೆಕ್ಷನ್ 4ರ ಎರಡು ಸಮಯ ಗುರುತಿಸಿದರೆ 3, ಅಂಚೆ ಮತ್ತು ಫೋನಿನ ನಿಯಮ ಬೇರೆ ಮಾಡಿ ಕೇಡಿಯಾ ತೀರ್ಪು ಹೇಳಿದರೆ 3, ಐಟಿ ಆಕ್ಟ್ ಎಲ್ಲಿಯ ತನಕ ನೆರವಾಗುತ್ತದೆ ಎಂದು ತೋರಿಸಿದರೆ 2, ಇವನ್ನೆಲ್ಲ ಈ ಸಂಗತಿಗೆ ಹೊಂದಿಸಿ ಒಂದು ತೀರ್ಮಾನಕ್ಕೆ ಬಂದರೆ 2. ಅದರ ಕೆಳಗೆ ಕೆಂಪು ಪೆನ್ನಿನಲ್ಲಿ, ಶರಣಪ್ಪ ಗೆದ್ದರೂ ಸರಿ, ಮಹೇಶ ಗೆದ್ದರೂ ಸರಿ, ತೀರ್ಮಾನಕ್ಕಾಗಿ ಅಂಕ ಕಡಿಯಬಾರದು ಎಂದು ಸೇರಿಸಿದರು.